ಸ್ತ್ರೀಶಕ್ತಿ ಗುಂಪಿನ ಹೈನುಗಾರಿಕೆಗೆ ಅನುದಾನ ಪ್ರಸ್ತಾವನೆ: ಹಾಲಿನ ಲೆಕ್ಕದಿಂದ ಶುರು ಮಾಡಿ

ಹೈನುಗಾರಿಕೆಗೆ ಅನುದಾನ ಕೇಳುವ ಹೆಚ್ಚಿನ ಪ್ರಸ್ತಾವನೆಗಳಲ್ಲಿ ಹಸುವಿನ ಬೆಲೆ ಇರುತ್ತದೆ, ಸಂಖ್ಯೆ ಇರುತ್ತದೆ, ಕೊನೆಗೆ ಒಂದು ದೊಡ್ಡ ಲಾಭ ಇರುತ್ತದೆ. ಹಸು ಏನು ತಿನ್ನುತ್ತದೆ, ಹಾಲು ಬತ್ತಿದ ತಿಂಗಳಲ್ಲಿ ಮನೆ ಹೇಗೆ ನಡೆಯುತ್ತದೆ ಅನ್ನೋದು ಇರುವುದಿಲ್ಲ. ಪ್ರಸ್ತಾವನೆ ಓದುವವರು ಮೊದಲು ಹುಡುಕುವುದು ಅದನ್ನೇ. ಹಾಗಾಗಿ ಇಲ್ಲಿ ಅರ್ಜಿಯ ಭಾಷೆಗಿಂತ ಜಾಸ್ತಿ ಅದರ ಹಿಂದಿನ ಲೆಕ್ಕದ ಬಗ್ಗೆ ಹೇಳುತ್ತೇನೆ. ಲೆಕ್ಕ ಸರಿ ಇದ್ದರೆ ಬರವಣಿಗೆ ತಾನಾಗಿ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ತುಮಕೂರು ಜಿಲ್ಲೆಯ ಶಿರಾ ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. 12 ಜನರ ಗುಂಪು, ಅದರಲ್ಲಿ 8 ಜನಕ್ಕೆ ಹಸು ಸಾಕುವ ಆಸೆ. ಇಲ್ಲಿರುವ ಬೆಲೆಗಳೆಲ್ಲ ಲೆಕ್ಕ ತೋರಿಸುವುದಕ್ಕೆ ಹಾಕಿದ್ದು. ನಿಮ್ಮ ಊರಿನ ಡೇರಿ ದರ, ಫೀಡ್ ದರ ಹಾಕಿಕೊಂಡು ಮತ್ತೆ ಕೂಡಿಸಿ, ಕಳೆಯಿರಿ.

ಮೊದಲು: ಹಣ ಯಾರ ಹೆಸರಿಗೆ ಬರಬಹುದು?

ಇದನ್ನು ಕೊನೆಗೆ ನೋಡೋಣ ಅಂದುಕೊಂಡರೆ ಕಷ್ಟ. ಸ್ವಸಹಾಯ ಗುಂಪು ಸಾಮಾನ್ಯವಾಗಿ ನೋಂದಣಿಯಾದ ಸಂಸ್ಥೆ ಅಲ್ಲ. ಬ್ಯಾಂಕಿನಲ್ಲಿ ಖಾತೆ ಇರುತ್ತದೆ, ಸಾಲ ಸಿಗುತ್ತದೆ. ಆದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ಹಣ ನೇರವಾಗಿ ಗುಂಪಿನ ಖಾತೆಗೆ ಬರುವುದು ಕಷ್ಟ. 2021ರ ನಿಯಮದ ಪ್ರಕಾರ ಆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಟ್ರಸ್ಟ್ ಅಥವಾ ಸೊಸೈಟಿ ಆದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಕೂಡ ಇರಬೇಕು. ವಿದೇಶದ ಹಣ ಆದರೆ ಎಫ್‌ಸಿಆರ್‌ಎ ಅನುಮತಿ ಬೇಕೇ ಬೇಕು.

ಅಂದರೆ ನಿಮ್ಮ ಮುಂದೆ ಎರಡು ದಾರಿ. ಒಂದು, ರಾಷ್ಟ್ರೀಯ ಜೀವನೋಪಾಯ ಮಿಷನ್‌ನ ಕರ್ನಾಟಕದ ರೂಪವಾದ ಸಂಜೀವಿನಿ ಅಡಿಯಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ಸರ್ಕಾರದ ನಿಧಿ ಮತ್ತು ಬ್ಯಾಂಕ್ ಸಾಲ. ಇನ್ನೊಂದು, ಈ ಕಾಗದಗಳೆಲ್ಲ ಇರುವ ಒಂದು ನಂಬಿಕಸ್ಥ ಸಂಸ್ಥೆಯ ಜೊತೆ ಸೇರಿ ಕಂಪನಿಗೆ ಅರ್ಜಿ ಹಾಕುವುದು. ಎರಡನೇ ದಾರಿ ಹಿಡಿದರೆ ಆ ಸಂಸ್ಥೆಯ ಜೊತೆ ಒಂದು ಒಪ್ಪಂದ ಪತ್ರ ಮೊದಲೇ ಮಾಡಿಕೊಳ್ಳಿ. ಹಸು ಯಾರ ಹೆಸರಿನಲ್ಲಿರುತ್ತದೆ, ಮೇವು ಕತ್ತರಿಸುವ ಯಂತ್ರ ಯಾರ ಆಸ್ತಿ, ಆಡಳಿತ ಖರ್ಚು ಅಂತ ಅವರು ಎಷ್ಟು ತೆಗೆದುಕೊಳ್ಳುತ್ತಾರೆ, ಇವು ಮೂರೂ ಅದರಲ್ಲಿ ಇರಲಿ. ಬಾಯಿ ಮಾತಿನಲ್ಲಿ ಬಿಟ್ಟರೆ ಎರಡನೇ ವರ್ಷ ಜಗಳ ಬರುವುದು ಇಲ್ಲೇ.

ನಮ್ಮ ಉದಾಹರಣೆಯಲ್ಲಿ ಎರಡನ್ನೂ ಸೇರಿಸಿದ್ದೇವೆ. ಸ್ವಲ್ಪ ಬ್ಯಾಂಕ್ ಸಾಲ, ಸ್ವಲ್ಪ ಸದಸ್ಯರ ಸ್ವಂತ ಹಣ, ಉಳಿದದ್ದು ಸಂಸ್ಥೆಯ ಮೂಲಕ ಬರುವ ಅನುದಾನ.

ಎರಡನೇದು: ಒಂದು ಹಸುವಿನ ಒಂದು ವರ್ಷ

ಪ್ರಸ್ತಾವನೆ ಬರೆಯುವ ಮುಂಚೆ ಎಂಟೂ ಜನ ಕೂತು ಒಂದೇ ಒಂದು ಹಸುವಿನ ಲೆಕ್ಕ ಮಾಡಿ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟ ಇಲ್ಲ.

ಸಾಮಾನ್ಯವಾಗಿ ಬರೆಯುವ ಲೆಕ್ಕ ಹೀಗಿರುತ್ತದೆ: ದಿನಕ್ಕೆ 14 ಲೀಟರ್, ವರ್ಷಕ್ಕೆ 365 ದಿನ, ಲೀಟರಿಗೆ 34 ರೂಪಾಯಿ, ಒಟ್ಟು 1,73,740 ರೂಪಾಯಿ. ಓದುವವರು ಪಶುಪಾಲನೆ ಗೊತ್ತಿರುವವರಾದರೆ ಅಲ್ಲಿಗೇ ಕಡತ ಮುಚ್ಚುತ್ತಾರೆ. ಯಾಕೆ ಅಂದರೆ 14 ಲೀಟರ್ ಸೀಮೆ ಹಸು ಕರು ಹಾಕಿ ಒಂದೂವರೆ ಎರಡು ತಿಂಗಳಿನಲ್ಲಿ ಕೊಡುವ ಹಾಲು. ಆಮೇಲೆ ಇಳಿಯುತ್ತಾ ಹೋಗುತ್ತದೆ. ಮುಂದಿನ ಕರುವಿಗೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಲೇಬೇಕು. 365 ದಿನ ಹಾಲು ಕರೆಯುವ ಹಸು ಅಂದರೆ ಗಬ್ಬ ನಿಲ್ಲದ ಹಸು ಅಂತಲೇ ಅರ್ಥ, ಅದು ಲಾಭದ ಸುದ್ದಿ ಅಲ್ಲ.

ಸರಿಯಾದ ಲೆಕ್ಕ ನೋಡಿ. 300 ದಿನ ಹಾಲು, ಸರಾಸರಿ ದಿನಕ್ಕೆ 9 ಲೀಟರ್. ಅದರಲ್ಲಿ 1 ಲೀಟರ್ ಮನೆಗೆ. ಮನೆಯ ಮಕ್ಕಳಿಗೆ ಹಾಲು ಬಿಡದ ಲೆಕ್ಕವನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಡೇರಿಗೆ ಹಾಕುವುದು 8 ಲೀಟರ್. 34 ರೂಪಾಯಿಯಂತೆ ವರ್ಷಕ್ಕೆ 81,600 ರೂಪಾಯಿ.

ದರ ಬರೆಯುವಾಗ ಡೇರಿಯ ಬೋರ್ಡಿನ ಮೇಲಿನ ದರ ಬರೆಯಬೇಡಿ. ಊರಿನಲ್ಲಿ ಈಗಾಗಲೇ ಹಾಲು ಹಾಕುವವರ ಕಳೆದ ಮೂರು ತಿಂಗಳ ಚೀಟಿ ಕೇಳಿ. ಹಾಲಿನ ಬೆಲೆ ಅದರಲ್ಲಿರುವ ಕೊಬ್ಬು ಅಂದರೆ ಫ್ಯಾಟ್, ಕೊಬ್ಬು ಬಿಟ್ಟು ಉಳಿದ ಘನಾಂಶ ಅಂದರೆ ಎಸ್‌ಎನ್‌ಎಫ್ ಮೇಲೆ ನಿಲ್ಲುತ್ತದೆ. ಹಸುವಿನ ಹಾಲಿಗೆ ಶೇ. 3.5 ಫ್ಯಾಟ್, ಶೇ. 8.5 ಎಸ್‌ಎನ್‌ಎಫ್ ಸಾಮಾನ್ಯವಾಗಿ ನೋಡುವ ಮಟ್ಟ. ಒಣ ಮೇವು, ಖನಿಜ ಮಿಶ್ರಣ ಕಮ್ಮಿಯಾದರೆ ಇದು ಬೀಳುತ್ತದೆ, ದರವೂ ಜೊತೆಗೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನವನ್ನು ಈ 34ರೊಳಗೆ ಸೇರಿಸಬೇಡಿ. ಅದು ಬರುತ್ತದೆ, ಆದರೆ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ. ತಡವಾಗಿ ಬರುವ ಹಣದಿಂದ ಈ ತಿಂಗಳ ಫೀಡ್ ತರಲು ಆಗುವುದಿಲ್ಲ.

ಈಗ ಖರ್ಚು. ಹಾಲು ಕೊಡುವ ಹಸುವಿಗೆ ಅದರ ಮೈಗೆ ಅಂತ ಒಂದೂವರೆ ಕೆಜಿ, ಆಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಬೇಕು. 9 ಲೀಟರಿಗೆ ಸುಮಾರು 5 ಕೆಜಿ ಆಯ್ತು. ಕೆಜಿಗೆ 28 ರೂಪಾಯಿ ಹಿಡಿದರೆ ದಿನಕ್ಕೆ 140, 300 ದಿನಕ್ಕೆ 42,000. ಬತ್ತಿದ 65 ದಿನವೂ ಎರಡೂವರೆ ಕೆಜಿ ಕೊಡಲೇಬೇಕು, ಹೊಟ್ಟೆಯಲ್ಲಿ ಕರು ಬೆಳೆಯುವುದು ಆಗಲೇ. ಅದು 4,550. ರಾಗಿ ಹುಲ್ಲು, ಜೋಳದ ಸೊಪ್ಪೆ ಕೊಳ್ಳುವುದಕ್ಕೆ 8,000. ಹಸಿ ಮೇವು ಬೆಳೆಯುವ ಖರ್ಚು 4,000. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂನಂತೆ 1,800. ಔಷಧಿ, ಜಂತಿನ ಮದ್ದು, ಕೃತಕ ಗರ್ಭಧಾರಣೆ 3,000. ವಿಮೆ 3,000. ಒಟ್ಟು 66,350.

ಉಳಿಯುವುದು 15,250. ತಿಂಗಳಿಗೆ ಹತ್ತಿರ ಹತ್ತಿರ 1,270 ರೂಪಾಯಿ.

ಈ ಅಂಕಿ ನೋಡಿ ಗುಂಪಿನಲ್ಲಿ ಮುಖ ಸಪ್ಪಗಾಗುತ್ತದೆ. ಆದರೆ ನಿಮ್ಮ ಪ್ರಸ್ತಾವನೆಯ ಬಲವೇ ಇದು. 75,000ದ ಹಸುವನ್ನು ಪೂರ್ತಿ ಸಾಲದಲ್ಲಿ ತಂದರೆ ಮೂರು ವರ್ಷದಲ್ಲಿ ಅಸಲೇ ತಿಂಗಳಿಗೆ 2,083 ಕಟ್ಟಬೇಕು. 1,270ರಲ್ಲಿ ಅದು ಆಗದ ಮಾತು. "ನಿಮಗೆ ಸಾಲ ಸಿಗುತ್ತದಲ್ಲ, ಅನುದಾನ ಯಾಕೆ?" ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಬಡತನದ ಬಗ್ಗೆ ಒಂದು ಪುಟ ಬರೆಯುವ ಬದಲು ಈ ಎರಡು ಸಾಲು ಬರೆಯಿರಿ.

ಮೂರನೇದು: ಹಸುವಿಗಿಂತ ಮುಂಚೆ ಮೇವು ಕೇಳಿ

ಲೆಕ್ಕವನ್ನು ಇನ್ನೊಂದು ಸಲ ನೋಡಿ. ಖರ್ಚಿನ ಮುಕ್ಕಾಲು ಪಾಲು ಹತ್ತಿರ ಹೋಗುತ್ತಿರುವುದು ಫೀಡ್ ಚೀಲಕ್ಕೆ. ಒಳ್ಳೆ ಹಸಿ ಮೇವು ದಿನಕ್ಕೆ 20ರಿಂದ 25 ಕೆಜಿ ಸಿಕ್ಕರೆ, ಅದರಲ್ಲಿ ಕುದುರೆ ಮೆಂತೆ, ಅಲಸಂದೆ, ಅಗಸೆ ಸೊಪ್ಪಿನಂತಹ ದ್ವಿದಳ ಮೇವೂ ಸೇರಿದ್ದರೆ, ಫೀಡನ್ನು ದಿನಕ್ಕೆ ಒಂದು ಕೆಜಿಯಷ್ಟು ಇಳಿಸಬಹುದು. ಹಾಲು ಇಳಿಯುವುದಿಲ್ಲ. 300 ದಿನಕ್ಕೆ 8,400 ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ 700. ಹಾಲಿನ ದರ ಒಂದೆರಡು ರೂಪಾಯಿ ಏರಿದರೂ ಇಷ್ಟು ಲಾಭ ಬರುವುದಿಲ್ಲ: 2,400 ಲೀಟರಿಗೆ 2 ರೂಪಾಯಿ ಏರಿದರೆ ಸಿಗುವುದು 4,800.

ಆದ್ದರಿಂದ ಅನುದಾನದಲ್ಲಿ ನೇಪಿಯರ್ ಹುಲ್ಲಿನ ಕಡ್ಡಿ, ದ್ವಿದಳ ಮೇವಿನ ಬೀಜ, ಮೇವು ಕತ್ತರಿಸುವ ಯಂತ್ರ ಇವುಗಳನ್ನು ಧೈರ್ಯವಾಗಿ ಕೇಳಿ. ಹಸುವಿಗೆ ಬ್ಯಾಂಕು ಸಾಲ ಕೊಡುತ್ತದೆ, ಹುಲ್ಲಿನ ಕಡ್ಡಿಗೆ ಕೊಡುವುದು ಅಪರೂಪ. ಕತ್ತರಿಸಿ ಹಾಕಿದರೆ ಹಸು ಜೋಳದ ದಂಟನ್ನೂ ಬಿಡದೆ ತಿನ್ನುತ್ತದೆ, ಇಡೀ ಹಾಕಿದರೆ ಕಾಲ ಕೆಳಗೆ ತುಳಿದು ಹಾಳು ಮಾಡುತ್ತದೆ.

ಒಬ್ಬೊಬ್ಬರಿಗೂ ನೀರಿರುವ 10 ಗುಂಟೆ ಮೇವಿಗೆ ತೋರಿಸಿ, ಪಹಣಿ ಲಗತ್ತಿಸಿ. ನಮ್ಮ ಉದಾಹರಣೆಯ ಎಂಟು ಜನರಲ್ಲಿ ಇಬ್ಬರಿಗೆ ಜಮೀನಿಲ್ಲ. ಅವರಿಗೆ ಗುಂಪೇ 20 ಗುಂಟೆ ಗುತ್ತಿಗೆಗೆ ಹಿಡಿಯುತ್ತದೆ. ಗುತ್ತಿಗೆ ಪತ್ರ ಮೂರು ವರ್ಷದ್ದಿರಲಿ. ನೇಪಿಯರ್ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಲು ಕೊಡುತ್ತದೆ, ಒಂದು ವರ್ಷದ ಗುತ್ತಿಗೆಗೆ ನೆಟ್ಟರೆ ಕಡ್ಡಿ ನಿಮ್ಮದು, ಹುಲ್ಲು ಜಮೀನಿನವರದ್ದು ಆಗುತ್ತದೆ. ಇನ್ನೊಂದು ಮಾತು: ಕಡ್ಡಿ ನೆಟ್ಟು ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಬೇಕು. ವೇಳಾಪಟ್ಟಿಯಲ್ಲಿ ಮೊದಲು ಮೇವು, ಮೂರು ತಿಂಗಳ ನಂತರ ಹಸು. ಹಿಂದುಮುಂದಾಗಿ ಬರೆದಿದ್ದರೆ ಇವರಿಗೆ ಹಸು ಸಾಕಿ ಗೊತ್ತಿಲ್ಲ ಅಂತ ಓದುವವರಿಗೆ ಅನಿಸುತ್ತದೆ.

ನಾಲ್ಕನೇದು: ಎಂಟು ಹಸು ಒಟ್ಟಿಗೆ ಬೇಡ

ನಾಲ್ಕು ಈಗ, ನಾಲ್ಕು ಆರು ತಿಂಗಳು ಬಿಟ್ಟು. ಎಂಟೂ ಒಟ್ಟಿಗೆ ಬಂದರೆ ಎಂಟೂ ಹೆಚ್ಚುಕಮ್ಮಿ ಒಟ್ಟಿಗೆ ಬತ್ತುತ್ತವೆ, ಆ ಎರಡು ತಿಂಗಳು ಗುಂಪಿನ ಸಾಲದ ಕಂತು ನಿಲ್ಲುತ್ತದೆ. ಕಂತು ನಿಂತರೆ ಹಸು ತೆಗೆದುಕೊಳ್ಳದ ಉಳಿದ ನಾಲ್ಕು ಜನಕ್ಕೂ ತೊಂದರೆ, ಯಾಕೆಂದರೆ ಸಾಲ ಇರುವುದು ಗುಂಪಿನ ಹೆಸರಿನಲ್ಲಿ.

ಹಸುಗಳನ್ನು ಹೀಗೆ ಎರಡು ಸಲಕ್ಕೆ ತಂದರೂ ಒಬ್ಬೊಬ್ಬರ ಮನೆಯಲ್ಲಿ ಬತ್ತಿದ ತಿಂಗಳು ಬಂದೇ ಬರುತ್ತದೆ. ಅದರ ಲೆಕ್ಕ ಬರೆದು ತೋರಿಸಿ. 65 ದಿನದ ಮೇವು, ಫೀಡ್ ಸುಮಾರು 6,700. ಎರಡು ತಿಂಗಳ ಪಾಲಿನ ಔಷಧಿ, ವಿಮೆ, ಖನಿಜ ಮಿಶ್ರಣ 1,300. ಮುಂದೆ ಬಜೆಟ್‌ನಲ್ಲಿ ಬರುವ ಸಾಲದ ಎರಡು ತಿಂಗಳ ಕಂತು 2,300. ಒಟ್ಟು 10,300. ಹಾಲು ಬರುವ ಹತ್ತು ತಿಂಗಳಲ್ಲಿ ತಿಂಗಳಿಗೆ 1,030 ತೆಗೆದಿಟ್ಟರೆ ಇದು ಸರಿಹೋಗುತ್ತದೆ. ಇದನ್ನು ಸದಸ್ಯರ ಮನೆಯಲ್ಲಿ ಇಡುವುದಲ್ಲ, ಗುಂಪಿನ ಪುಸ್ತಕದಲ್ಲಿ ಉಳಿತಾಯದ ಕಾಲಂ ಪಕ್ಕ "ಬತ್ತಿದ ತಿಂಗಳ ನಿಧಿ" ಅಂತ ಬೇರೆ ಕಾಲಂ ಹಾಕಿ. ಇದಕ್ಕೊಂದು ಠರಾವು ಮಾಡಿ ಅದರ ಪ್ರತಿ ಲಗತ್ತಿಸಿ.

ಐದನೇದು: ಬಜೆಟ್

ನಮ್ಮ ಉದಾಹರಣೆಯ ಬಜೆಟ್ ಇಷ್ಟೇ:

- 8 ಹಸು, ತಲಾ 75,000: 6,00,000
- ಸಾಗಣೆ ಮತ್ತು ಖರೀದಿ ಮುಂಚಿನ ಪರೀಕ್ಷೆ, ತಲಾ 3,000: 24,000
- ಮೇವು ಕತ್ತರಿಸುವ ಯಂತ್ರ 2: 56,000
- ಮೇವಿನ ಕಡ್ಡಿ, ಬೀಜ, ಗೊಬ್ಬರ, ತಲಾ 4,000: 32,000
- ಕೊಟ್ಟಿಗೆಯ ನೆಲ, ರಬ್ಬರ್ ಮ್ಯಾಟ್, ತಲಾ 6,000: 48,000
- ತರಬೇತಿಯ ಪ್ರಯಾಣ, ಇತರ ಖರ್ಚು: 20,000
- ಲೆಕ್ಕ ಬರೆಯುವುದು, ಆಡಿಟ್: 20,000

ಒಟ್ಟು 8,00,000. ಇದರಲ್ಲಿ ಬ್ಯಾಂಕ್ ಸಾಲ 3,00,000. ರಾಷ್ಟ್ರೀಯ ಜೀವನೋಪಾಯ ಮಿಷನ್ ಅಡಿ ಮಹಿಳಾ ಗುಂಪುಗಳಿಗೆ 3 ಲಕ್ಷದವರೆಗೆ ಶೇ. 7ರ ಬಡ್ಡಿ ಇರುವುದರಿಂದ ಆ ಮಿತಿಯೊಳಗೇ ನಿಂತಿದ್ದೇವೆ. ಸದಸ್ಯರ ಪಾಲು ತಲಾ 7,500ರಂತೆ 60,000. ಅನುದಾನ 4,40,000.

ಒಬ್ಬರ ಮೇಲೆ ಬರುವ ಸಾಲ 37,500. 36 ತಿಂಗಳಿಗೆ ಶೇ. 7ರಲ್ಲಿ ಕಂತು ಸುಮಾರು 1,160. ಬತ್ತಿದ ತಿಂಗಳೂ ಸೇರಿ ವರ್ಷದ ಸರಾಸರಿಯಲ್ಲಿ ತಿಂಗಳ ಉಳಿಕೆ 1,270, ಮೇವು ಕೈಗೆ ಬಂದ ಮೇಲೆ 1,970. ಕಂತು ಕಳೆದು 800 ರೂಪಾಯಿ ಕೈಯಲ್ಲಿ, ಜೊತೆಗೆ ಮನೆಗೆ ಹಾಲು, ಗೊಬ್ಬರ, ಕರು. ಹೆಣ್ಣು ಕರುವನ್ನು ಎರಡೂವರೆ ಮೂರು ವರ್ಷ ಸಾಕಿದರೆ ಎರಡನೇ ಹಸು. ಮೂರು ವರ್ಷ ಮುಗಿದ ಮೇಲೆ ಕಂತಿನ ಹಣವೂ ಮನೆಗೇ. ಇಷ್ಟನ್ನೇ ಬರೆಯಿರಿ. "ಆದಾಯ ಮೂರು ಪಟ್ಟು" ಅಂತ ಬರೆಯಬೇಡಿ.

ಪ್ರತಿ ವಸ್ತುವಿಗೂ ಮೂರು ಕೊಟೇಶನ್ ಬೇಕಾಗುತ್ತದೆ. ಹಸುವಿಗೆ ಕೊಟೇಶನ್ ಸಿಗುವುದಿಲ್ಲ, ಅದರ ಬದಲು ಪಶುವೈದ್ಯಾಧಿಕಾರಿಗಳಿಂದ ಈ ಭಾಗದಲ್ಲಿ ಇಷ್ಟು ಹಾಲಿನ, ಎರಡನೇ ಸೂಲಿನ ಮಿಶ್ರತಳಿ ಹಸುವಿಗೆ ಇಷ್ಟು ಬೆಲೆ ಇದೆ ಅಂತ ಒಂದು ಪತ್ರ ಕೇಳಿ ಪಡೆಯಿರಿ. ತರಬೇತಿ ಶುಲ್ಕವನ್ನು ಬಜೆಟ್‌ನಲ್ಲಿ ಹಾಕಬೇಡಿ. ರುಡ್‌ಸೆಟ್ ಮತ್ತು ಆರ್‌ಸೆಟಿ ಸಂಸ್ಥೆಗಳಲ್ಲಿ ಹೈನುಗಾರಿಕೆ ತರಬೇತಿ ಉಚಿತ. ಉಚಿತವಾಗಿ ಸಿಗುವುದಕ್ಕೆ ಹಣ ಕೇಳಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಆರನೇದು: ಖರೀದಿ ಹೇಗೆ, ಎಡವಿದರೆ ಏನು

ಯೋಜನೆ ಹಾಳಾಗುವುದು ಹೆಚ್ಚಾಗಿ ಹಸು ಕೊಳ್ಳುವ ದಿನ. ಇಬ್ಬರು ಸದಸ್ಯರು, ಹಸು ಸಾಕಿ ಗೊತ್ತಿರುವ ಇನ್ನೊಬ್ಬರು, ಒಬ್ಬ ಪಶುವೈದ್ಯರು ಇರುವ ಖರೀದಿ ಸಮಿತಿ ಅಂತ ಬರೆಯಿರಿ. ಒಂದು ಸಂಜೆ, ಮರುದಿನ ಬೆಳಗ್ಗೆ, ಮತ್ತೆ ಸಂಜೆ, ಹೀಗೆ ಮೂರು ಹೊತ್ತು ಎದುರಿಗೇ ಹಾಲು ಕರೆಸಿ ಅಳೆದು ನೋಡುತ್ತೇವೆ ಅಂತ ಸ್ಪಷ್ಟವಾಗಿ ಹೇಳಿ. ಒಂದೇ ಹೊತ್ತು ನೋಡಿದರೆ ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ನಿಲ್ಲಿಸಿರುತ್ತಾರೆ. ಕೆಚ್ಚಲು ಬಾವಿನ ಪರೀಕ್ಷೆ, ಬ್ರುಸೆಲ್ಲೋಸಿಸ್ ರಕ್ತ ಪರೀಕ್ಷೆ ಇವೆರಡಕ್ಕೂ ಆ 3,000ದಲ್ಲಿ ಹಣ ಇದೆ ಅಂತ ತೋರಿಸಿ. ಶಿರಾದಂತಹ ಬಿಸಿಲಿನ ಕಡೆಗೆ ತೀರಾ ಹೆಚ್ಚು ಎಚ್‌ಎಫ್ ತಳಿಯ ರಕ್ತ ಇರುವ ದೊಡ್ಡ ಹಸು ತಂದರೆ ಬೇಸಿಗೆಯಲ್ಲಿ ಏದುಸಿರು ಬಿಡುತ್ತಾ ಹಾಲು ಇಳಿಸುತ್ತದೆ. ಮಧ್ಯಮ ಗಾತ್ರದ್ದು, ಜೆರ್ಸಿ ಮಿಶ್ರ ಆದರೂ ಸರಿ.

ಅಪಾಯಗಳ ಭಾಗದಲ್ಲಿ ಎಲ್ಲರೂ "ರೋಗ ಬರಬಹುದು, ವಿಮೆ ಮಾಡಿಸುತ್ತೇವೆ" ಅಂತ ಬರೆಯುತ್ತಾರೆ. ಹಸು ಸಾಯುವುದಕ್ಕಿಂತ ಜಾಸ್ತಿ ಆಗುವ ನಷ್ಟ ಇನ್ನೊಂದಿದೆ: ಗಬ್ಬ ನಿಲ್ಲದಿರುವುದು. ಕರು ಹಾಕಿ ಎರಡು ತಿಂಗಳಿಂದ ಮೂರು ತಿಂಗಳೊಳಗೆ ಹಸು ಬೆದೆಗೆ ಬಂದು ಗರ್ಭಧಾರಣೆ ಆಗಬೇಕು. ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ, ಮೂರು ಸಲ ಸೆಮೆನ್ ಕೊಡಿಸಿದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸುಮ್ನೆ ಕಾದರೆ ಮುಂದಿನ ಕರು ಆರು ತಿಂಗಳು ತಡವಾಗುತ್ತದೆ, ಅಷ್ಟು ದಿನ ಹಸು ತಿನ್ನುತ್ತಲೇ ಇರುತ್ತದೆ. ಹೀಗಾಗಿ ಪ್ರತಿ ಹಸುವಿಗೂ ಒಂದು ಕಾರ್ಡ್: ಕರು ಹಾಕಿದ ದಿನ, ಬೆದೆಯ ದಿನ, ಸೆಮೆನ್ ಕೊಟ್ಟ ದಿನ, ಗಬ್ಬ ಪರೀಕ್ಷೆ. ಜಾನುವಾರು ಆರೈಕೆಯ ತರಬೇತಿ ಪಡೆದ ಊರಿನ ಪಶು ಸಖಿ ಇದನ್ನು ತಿಂಗಳಿಗೊಮ್ಮೆ ನೋಡುತ್ತಾರೆ ಅಂತ ಬರೆಯಿರಿ.

ವಿಮೆಯ ವಿಷಯದಲ್ಲಿ ಕಿವಿಯ ಓಲೆ ಮುಖ್ಯ. ಓಲೆ ಬಿದ್ದುಹೋಗಿದ್ದರೆ ಹಸು ಸತ್ತಾಗ ಹಣ ಸಿಗುವುದು ಕಷ್ಟ. ಬಿದ್ದ ಕೂಡಲೇ ವಿಮಾ ಕಂಪನಿಗೆ ತಿಳಿಸಿ ಮತ್ತೆ ಹಾಕಿಸಬೇಕು. ಸತ್ತರೆ ಹೂಳುವ ಮುಂಚೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು.

ಏಳನೇದು: ಹಾಲಿನ ದುಡ್ಡು ಯಾರ ಪಾಸ್‌ಬುಕ್ಕಿಗೆ?

ಹಾಲು ಕರೆಯುವವರು, ಮೇವು ತರುವವರು ಹೆಂಗಸರು. ಡೇರಿಯ ಸದಸ್ಯತ್ವ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡನ ಹೆಸರಿನಲ್ಲಿ. ಆಗ ಬಟವಾಡೆ ಆತನ ಖಾತೆಗೇ ಹೋಗುತ್ತದೆ, ಸಾಲದ ಕಂತು ಮಾತ್ರ ಈಕೆಯ ತಲೆ ಮೇಲೆ. ಆದ್ದರಿಂದ ಹಸು ಬರುವ ಮುಂಚೆಯೇ ಎಂಟೂ ಜನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ತಮ್ಮ ಹೆಸರಿನಲ್ಲೇ ಷೇರು ಕಟ್ಟಿ ಸದಸ್ಯರಾಗಲಿ, ಸ್ವಂತ ಬ್ಯಾಂಕ್ ಖಾತೆ ಕೊಡಲಿ. ದಿನಕ್ಕೆ ಹೆಚ್ಚುವರಿ 60–70 ಲೀಟರ್ ಹಾಲು ತೆಗೆದುಕೊಳ್ಳುತ್ತೇವೆ ಅಂತ ಸಂಘದ ಕಾರ್ಯದರ್ಶಿಗಳಿಂದ ಪತ್ರ ಪಡೆಯಿರಿ. ಈ ಒಂದು ಪತ್ರ ಮಾರುಕಟ್ಟೆ ಬಗ್ಗೆ ಎರಡು ಪುಟದ ವಿವರಣೆಗಿಂತ ಬಲವಾದದ್ದು.

ಈಗ ಬರೆಯಿರಿ

ಐದಾರು ಪುಟ ಸಾಕು. ಮೊದಲ ಪ್ಯಾರಾದಲ್ಲೇ ಯಾರು, ಎಷ್ಟು, ಯಾಕೆ ಎಲ್ಲ ಇರಲಿ. ಹೀಗೆ:

> ನಮ್ಮದು 12 ಸದಸ್ಯರ ಗುಂಪು. ನಾಲ್ಕು ವರ್ಷದಿಂದ ವಾರದ ಸಭೆ, ಉಳಿತಾಯ ತಪ್ಪಿಲ್ಲ. ಎಂಟು ಸದಸ್ಯರು ತಲಾ ಒಂದು ಮಿಶ್ರತಳಿ ಹಸು ಸಾಕಲು ಮುಂದೆ ಬಂದಿದ್ದಾರೆ. ಒಟ್ಟು ವೆಚ್ಚ 8,00,000 ರೂಪಾಯಿ. ಬ್ಯಾಂಕ್ ಸಾಲ 3,00,000, ನಮ್ಮ ಪಾಲು 60,000. ಉಳಿದ 4,40,000 ರೂಪಾಯಿ ಅನುದಾನ ಕೋರುತ್ತೇವೆ. ಪೂರ್ತಿ ಸಾಲದಲ್ಲಿ ಹಸು ತಂದರೆ ಹಾಲಿನ ಉಳಿಕೆಯಲ್ಲಿ ಕಂತು ಕಟ್ಟಲು ಆಗುವುದಿಲ್ಲ. ಲೆಕ್ಕ ಮೂರನೇ ಪುಟದಲ್ಲಿದೆ.

ಆಮೇಲೆ ಗುಂಪಿನ ಪರಿಚಯ, ಒಂದು ಹಸುವಿನ ಲೆಕ್ಕ, ಮೇವಿನ ಯೋಜನೆ, ತಿಂಗಳವಾರು ವೇಳಾಪಟ್ಟಿ, ಬಜೆಟ್, ಅಪಾಯಗಳು. ಫಲಿತಾಂಶದ ಜಾಗದಲ್ಲಿ "ಸಬಲೀಕರಣ" ಅಂತ ಬರೆದರೆ ಅಳೆಯುವುದು ಹೇಗೆ? ಒಬ್ಬೊಬ್ಬರು ತಮ್ಮ ಖಾತೆಗೆ ಪಡೆದ ಹಾಲಿನ ಹಣ, ಕಂತು ತಪ್ಪದ ತಿಂಗಳು, ಕರುವಿನಿಂದ ಕರುವಿಗೆ ಎಷ್ಟು ತಿಂಗಳು, ಈ ಮೂರು ಸಾಕು. ಇವತ್ತು ಆ ಎಂಟು ಮನೆಗಳಲ್ಲಿ ಹಾಲಿನಿಂದ ಎಷ್ಟು ಬರುತ್ತಿದೆ ಅನ್ನುವುದನ್ನು ಈಗಲೇ ಬರೆದಿಡಿ, ಮುಂದೆ ಹೋಲಿಸಲು ಬೇಕು. ಕೊನೆಯಲ್ಲಿ ಠರಾವಿನ ಪ್ರತಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಉಳಿತಾಯ ಪುಸ್ತಕದ ಪುಟಗಳು, ಪಹಣಿ, ಡೇರಿ ಪತ್ರ, ಪಶುವೈದ್ಯರ ಪತ್ರ.

ಸ್ಥಳ ಪರಿಶೀಲನೆಗೆ ಬಂದವರು ಅಧ್ಯಕ್ಷೆಯನ್ನು ಬಿಟ್ಟು ಹಿಂದೆ ಕೂತವರನ್ನೇ ಕೇಳುತ್ತಾರೆ: "ಅಕ್ಕಾ, ನಿಮ್ಮ ಪಾಲಿನ ಸಾಲ ಎಷ್ಟು? ಹಸು ಬತ್ತಿದಾಗ ಏನು ಮಾಡ್ತೀರಿ?" ಎಂಟೂ ಜನಕ್ಕೂ 37,500, 1,160 ಈ ಎರಡು ಅಂಕಿ ಬಾಯಲ್ಲಿರಬೇಕು. ಲೆಕ್ಕವನ್ನು ಎಲ್ಲರೂ ಕೂತು ಮಾಡಿದ್ದರೆ ಇದಕ್ಕೆ ಬೇರೆ ತಯಾರಿ ಬೇಡ.

ಒಪ್ಪಿಗೆ ಬರುವಾಗ ಸಾಮಾನ್ಯವಾಗಿ "ಮೊತ್ತ ಸ್ವಲ್ಪ ಕಮ್ಮಿ ಮಾಡಿ" ಅನ್ನುತ್ತಾರೆ. ಆಗ ಮೇವಿನ ಬಾಬ್ತನ್ನೋ ಪರೀಕ್ಷೆಯ ಹಣವನ್ನೋ ಕತ್ತರಿಸಬೇಡಿ, ಹಸುವಿನ ಸಂಖ್ಯೆ ಇಳಿಸಿ. ಎಂಟರ ಬದಲು ಆರು ಮಾಡಿದರೆ ಪ್ರತಿ ಹಸುವಿನ ಬೆಲೆಯಲ್ಲಿ ಅನುದಾನದ ಪಾಲು 30,000ದಂತೆ 60,000, ಸಾಗಣೆ, ಮೇವು, ಕೊಟ್ಟಿಗೆಯಲ್ಲಿ 26,000, ಒಟ್ಟು 86,000 ಇಳಿಯುತ್ತದೆ. ಬ್ಯಾಂಕ್ ಸಾಲವೂ 2,25,000ಕ್ಕೆ ಬರುತ್ತದೆ. ಉಳಿದ ಇಬ್ಬರ ಹೆಸರನ್ನು ಎರಡನೇ ಹಂತ ಅಂತ ಅದೇ ಪ್ರಸ್ತಾವನೆಯಲ್ಲಿ, ಅದೇ ಠರಾವಿನಲ್ಲಿ ಬರೆದಿಡಿ.